ಹಾಲು ಸಂಘದ ಲೆಕ್ಕ: ಐದು ನಿಮಿಷಕ್ಕೊಮ್ಮೆ ರಿಫ್ರೆಶ್ ಮಾಡುವುದೇ, ಪ್ರತಿ ನಮೂದಿಗೂ ಟ್ರಿಗರ್ ಇಡುವುದೇ?

ಮದ್ದೂರು ಬಯಲು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿರುವ ನಮ್ಮ ಸಣ್ಣ ತಂಡ ಮಂಡ್ಯ ಜಿಲ್ಲೆಯ ಸುಮಾರು 60 ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಲೆಕ್ಕದ ತಂತ್ರಾಂಶ ನೋಡಿಕೊಳ್ಳುತ್ತಿದೆ. ಬೆಳಿಗ್ಗೆ ಮತ್ತು ಸಂಜೆ ಹಾಲು ಅಳೆಯುವ ಹೊತ್ತಿನಲ್ಲಿ ಪ್ರತಿ ಸದಸ್ಯರ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಮತ್ತು ಮೊತ್ತ ಪೋಸ್ಟ್‌ಗ್ರೆಸ್‌ನ `collection` ಟೇಬಲ್‌ಗೆ ಒಂದೊಂದು ಸಾಲಾಗಿ ಸೇರುತ್ತವೆ. ಅದರ ಮೇಲೆ `society_daily` ಎಂಬ ಮೆಟೀರಿಯಲೈಸ್ಡ್ ವ್ಯೂ ಇದ್ದು, ಸಂಘವಾರು, ದಿನವಾರು ಮೊತ್ತ ಅದರಲ್ಲಿರುತ್ತದೆ. ಕ್ರಾನ್ ಮೂಲಕ ಐದು ನಿಮಿಷಕ್ಕೊಮ್ಮೆ ಅದನ್ನು ರಿಫ್ರೆಶ್ ಮಾಡುತ್ತೇವೆ. ಸದಸ್ಯರು ಮೊಬೈಲಿನಲ್ಲಿ ನೋಡುವ ಪಾಸ್‌ಬುಕ್ ಪುಟ ಮಾತ್ರ ರೆಡಿಸ್‌ನಲ್ಲಿ ಒಂದು ಗಂಟೆಯ ಅವಧಿಗೆ ಕ್ಯಾಶ್ ಆಗಿರುತ್ತದೆ.

ತೊಂದರೆ ಎರಡು ಕಡೆ ಇದೆ. ಹಾಲಿನ ವಾಹನ ಬಂದು ನಿಂತಾಗ ಕಾರ್ಯದರ್ಶಿಯವರ ಪರದೆಯಲ್ಲಿ ಕಾಣುವ ಒಟ್ಟು ಲೀಟರ್ ಕ್ಯಾನುಗಳ ಲೆಕ್ಕಕ್ಕೆ ತಾಳೆಯಾಗುವುದಿಲ್ಲ, ಏಕೆಂದರೆ ಅದು ಐದಾರು ನಿಮಿಷ ಹಿಂದಿನದು. ಇನ್ನೊಂದು ಕಡೆ, ತಪ್ಪು ನಮೂದನ್ನು ಕಾರ್ಯದರ್ಶಿ ತಿದ್ದಿದ ಮೇಲೂ ಸದಸ್ಯರ ಮೊಬೈಲಿನಲ್ಲಿ ಹಳೆಯ ಅಂಕಿಯೇ ಗಂಟೆಯವರೆಗೆ ಉಳಿಯುತ್ತದೆ. ಮೂರು ವರ್ಷಗಳ ಸಾಲುಗಳು ಸೇರಿರುವುದರಿಂದ ರಿಫ್ರೆಶ್ ಈಗ ಸುಮಾರು 50 ಸೆಕೆಂಡು ಹಿಡಿಯುತ್ತಿದೆ, ಆದ್ದರಿಂದ ನಿಮಿಷಕ್ಕೊಮ್ಮೆ ಮಾಡುವ ಧೈರ್ಯವಿಲ್ಲ. ಕ್ರಾನ್ ತೆಗೆದು, ಸಾಲು ಸೇರಿದಾಗಲೇ ಟ್ರಿಗರ್‌ನಿಂದ ರಿಫ್ರೆಶ್ ಮಾಡಿಸುವುದು ಸರಿಯೇ?

ಕುವೆಂಪುನಗರ ಬ್ಯಾಕೆಂಡ್

ಸರಿಯೇ. ಗಡಿಯಾರ ನೋಡಿಕೊಂಡು ರಿಫ್ರೆಶ್ ಮಾಡುವುದರಲ್ಲಿ ಎರಡು ಬಗೆಯ ನಷ್ಟವಿದೆ. ಮಧ್ಯಾಹ್ನ 12 ಗಂಟೆಗೆ ಯಾರೂ ಹಾಲು ಹಾಕದಿದ್ದರೂ ನಿಮ್ಮ ಡೇಟಾಬೇಸ್ ಐದು ನಿಮಿಷಕ್ಕೊಮ್ಮೆ 50 ಸೆಕೆಂಡು ದುಡಿಯುತ್ತದೆ. ಬೆಳಿಗ್ಗೆ ಏಳಕ್ಕೆ ಎಲ್ಲರೂ ಕಾಯುತ್ತಿರುವಾಗ ಅಷ್ಟೇ ದುಡಿತ ಸಾಲುವುದಿಲ್ಲ. ಬದಲಾವಣೆ ಆದಾಗ ಮಾತ್ರ ಕೆಲಸ ಮಾಡುವುದು ತರ್ಕಕ್ಕೆ ಸರಿಹೊಂದುತ್ತದೆ. ವ್ಯೂಗೂ ಪಾಸ್‌ಬುಕ್‌ಗೂ `collection` ಮೇಲೆ ಒಂದೇ ಟ್ರಿಗರ್ ಇಡಿ. ರೆಡಿಸ್ ಕೀಗೆ ಕಾಲಮಿತಿಯೇ ಬೇಡ, ಬದಲಾದಾಗ ಅಳಿಸಿದರೆ ಸಾಕು.

ಸರಸ್ವತಿಪುರಂ ಡಿಬಿಎ

ಮಧ್ಯಾಹ್ನದ ಮಾತು ಒಪ್ಪುತ್ತೇನೆ, ಆದರೆ ಟ್ರಿಗರ್ ಒಳಗೆ ರಿಫ್ರೆಶ್ ಇಡುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಟ್ರಿಗರ್ ಕೆಲಸ ಮಾಡುವುದು ಸಾಲು ಸೇರಿಸುತ್ತಿರುವ ಅದೇ ಟ್ರಾನ್ಸಾಕ್ಷನ್ ಒಳಗೆ. ಅಂದರೆ ಹಾಲು ಅಳೆಯುವ ಯಂತ್ರದಿಂದ ಬಂದ ಒಂದು ನಮೂದು ಕಮಿಟ್ ಆಗಲು ಮೂರು ವರ್ಷಗಳ ಲೆಕ್ಕ ಪೂರ್ತಿ ಮತ್ತೆ ಕೂಡಿ ಮುಗಿಯಬೇಕು. ಸಾಲಿನಲ್ಲಿ ನಿಂತ ರೈತರಿಗೆ ಚೀಟಿ ಸಿಗುವುದು 50 ಸೆಕೆಂಡಿನ ನಂತರ.

ಅಷ್ಟಕ್ಕೇ ಮುಗಿಯುವುದಿಲ್ಲ. `REFRESH MATERIALIZED VIEW` ಹಿಡಿಯುವ ಲಾಕ್ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಬಿಡುವುದಿಲ್ಲ, ಮತ್ತು ಅಷ್ಟು ಹೊತ್ತು ಆ ವ್ಯೂವನ್ನು ಯಾರೂ ಓದಲೂ ಆಗುವುದಿಲ್ಲ. `CONCURRENTLY` ಸೇರಿಸಿದರೆ ಓದುವವರಿಗೆ ಅಡ್ಡಿಯಾಗುವುದಿಲ್ಲ, ಆದರೆ ಒಂದೇ ವ್ಯೂ ಮೇಲೆ ಎರಡು ರಿಫ್ರೆಶ್‌ಗಳು ಆಗಲೂ ಒಟ್ಟಿಗೆ ನಡೆಯಲಾರವು. 60 ಸಂಘಗಳಿಂದ ಒಂದೇ ನಿಮಿಷದಲ್ಲಿ ಒಂದೊಂದೇ ನಮೂದು ಬಂದರೂ ಒಂದರ ಹಿಂದೆ ಒಂದರಂತೆ 3,000 ಸೆಕೆಂಡು, ಅಂದರೆ 50 ನಿಮಿಷದ ಸರದಿ ನಿಲ್ಲುತ್ತದೆ. ಹೀಗಾಗುತ್ತಿದೆಯೇ ಎಂದು ತಿಳಿಯಲು `pg_stat_activity` ನೋಡಿ. `wait_event_type` ಕಾಲಮಿನಲ್ಲಿ `Lock` ಎಂದು ತುಂಬಿಕೊಂಡ ಇನ್‌ಸರ್ಟ್‌ಗಳು ಕಂಡರೆ ಇದೇ ಕಾರಣ.

ಘಟನೆ ನಡೆದಾಗ ಮಾಡುವ ಕೆಲಸ ತೀರ ಚಿಕ್ಕದಾಗಿರಬೇಕು. ಒಂದು ಕೀ ಅಳಿಸುವುದು ಚಿಕ್ಕ ಕೆಲಸ, ಇಡೀ ವ್ಯೂ ಮರುಕಟ್ಟುವುದು ಅಲ್ಲ. ಪೋಸ್ಟ್‌ಗ್ರೆಸ್‌ನ ಮೆಟೀರಿಯಲೈಸ್ಡ್ ವ್ಯೂಗೆ ಬದಲಾದ ಸಾಲನ್ನಷ್ಟೇ ತಿದ್ದಿಕೊಳ್ಳುವ ಶಕ್ತಿ ತಾನಾಗಿ ಇಲ್ಲ. ಒರಾಕಲ್‌ನಲ್ಲಿ ಲಾಗ್ ಇಟ್ಟುಕೊಂಡು ಕಮಿಟ್ ಹೊತ್ತಿಗೆ ಬದಲಾವಣೆಯನ್ನಷ್ಟೇ ಸೇರಿಸುವ ವ್ಯವಸ್ಥೆಯಿದೆ, ಎಸ್‌ಕ್ಯೂಎಲ್ ಸರ್ವರ್‌ನ ಇಂಡೆಕ್ಸ್ಡ್ ವ್ಯೂ ಕೂಡ ಅಂಥದ್ದೇ. ಅಲ್ಲಿಂದ ಬಂದವರು ಇಲ್ಲಿಯೂ ಹಾಗೆಯೇ ಇರಬಹುದೆಂದು ಎಣಿಸುವುದು ಸಾಮಾನ್ಯ. `CONCURRENTLY` ಬದಲಾಗದ ಸಾಲುಗಳನ್ನು ಮುಟ್ಟುವುದಿಲ್ಲ ಎಂಬುದು ನಿಜ, ಆದರೆ ಯಾವುದು ಬದಲಾಗಿದೆ ಎಂದು ಹೋಲಿಸಲು ಅದು ಇಡೀ ಕ್ವೆರಿಯನ್ನು ಮೊದಲು ಓಡಿಸಿಯೇ ತೀರುತ್ತದೆ.

ಬೆಲ್ಲದ ಮಂಡಿ

ನಮ್ಮಲ್ಲಿಯೂ ಇದೇ ತೊಂದರೆ ಇತ್ತು. ಮಂಡ್ಯದಲ್ಲಿ ಬೆಲ್ಲದ ದರ ತೋರಿಸುವ ಪುಟ ಮಾಡಿದ್ದೆವು. ಅಚ್ಚು, ಬಕೆಟ್, ಕುರಿಕಟ್ಟು ದರಗಳನ್ನು ಬೆಳಿಗ್ಗೆ ಬದಲಿಸಿದರೂ ವ್ಯಾಪಾರಿಗಳ ಫೋನಿನಲ್ಲಿ ನಿನ್ನೆಯ ದರವೇ ಕಾಣುತ್ತಿತ್ತು. ಬ್ರೌಸರ್ ಕ್ಯಾಶ್ ಅಳಿಸಲು ಎಲ್ಲರಿಗೂ ವಾಟ್ಸಾಪ್‌ನಲ್ಲಿ ಹೇಳಿಕಳುಹಿಸಿದೆವು, ಸರಿಹೋಯಿತು. ನೀವೂ ಸದಸ್ಯರಿಗೆ ಹಾಗೆಯೇ ತಿಳಿಸಬಾರದೇಕೆ?

ಸರಸ್ವತಿಪುರಂ ಡಿಬಿಎ

ಮಂಡಿಯವರೇ, ಇಲ್ಲಿ ಕೇಳಿರುವುದು ಸರ್ವರ್ ಕಡೆಯ ಕ್ಯಾಶ್ ಕುರಿತು. ಆದರೂ ನಿಮ್ಮ ಪ್ರಕರಣ ಈ ಚರ್ಚೆಗೆ ಹೊರತಲ್ಲ. `max-age` ಕೊಟ್ಟು ಫೋನಿಗೆ ಒಮ್ಮೆ ಕಳುಹಿಸಿದ ಪುಟವನ್ನು ಡೇಟಾಬೇಸ್‌ನಲ್ಲಿ ಏನೇ ಘಟಿಸಿದರೂ ಹಿಂದಕ್ಕೆ ಕರೆಸಿಕೊಳ್ಳಲಾಗುವುದಿಲ್ಲ. ಅಲ್ಲಿ ನಡೆಯುವುದು ಕಾಲಮಿತಿ ಒಂದೇ. ಆದ್ದರಿಂದ ಮದ್ದೂರಿನವರು ಪಾಸ್‌ಬುಕ್ ಪುಟಕ್ಕೆ `Cache-Control: no-cache` ಹಾಗೂ ಈಟ್ಯಾಗ್ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಲಿ, ಇಲ್ಲದಿದ್ದರೆ ರೆಡಿಸ್ ಸರಿಪಡಿಸಿದ ಮೇಲೂ ದೂರು ನಿಲ್ಲುವುದಿಲ್ಲ.

ಪಾಂಡವಪುರ

ನಾನು ತಂತ್ರಾಂಶದವನಲ್ಲ. ಒಂದು ಸಂಘದಲ್ಲಿ ಬಹಳ ಕಾಲ ಕಾರ್ಯದರ್ಶಿಯಾಗಿದ್ದೆ, ಮಗ ಈ ಚರ್ಚೆ ತೋರಿಸಿದ. ನೀವು ಕೋಷ್ಟಕದ ಮಾತನ್ನೇ ಆಡುತ್ತಿರುವುದರಿಂದ, ಅಂಕಿಗಳು ಎಲ್ಲಿ ಬದಲಾಗುತ್ತವೆ ಎಂಬುದನ್ನು ಹೇಳುತ್ತೇನೆ.

ಅಳೆಯುವ ಹೊತ್ತಿನಲ್ಲಿ ಆಗುವ ತಪ್ಪಿನಲ್ಲಿ ಬಹುಪಾಲು ಸದಸ್ಯ ಸಂಖ್ಯೆಯದು. 47 ಎಂದು ಒತ್ತಬೇಕಾದಲ್ಲಿ 74 ಒತ್ತಿರುತ್ತಾರೆ. ಲೀಟರ್ ತಪ್ಪುವುದು ಕಡಿಮೆ. 74ನೆಯವರು ಸುಮ್ಮನಿರುತ್ತಾರೆ, 47ನೆಯವರು ಸಂಜೆ ಬಂದು ಕೇಳುತ್ತಾರೆ, ಆಗ ತಿದ್ದುತ್ತೇವೆ. ಕೆಲವರು ನಾಲ್ಕು ದಿನ ಬಿಟ್ಟು ಕೇಳುತ್ತಾರೆ. ನಮ್ಮಲ್ಲಿ 15 ದಿನಕ್ಕೊಮ್ಮೆ ಬಟವಾಡೆ. ಬಟವಾಡೆ ಪಟ್ಟಿ ಮುಗಿಯುವವರೆಗೆ ತಿದ್ದಲು ಅವಕಾಶವಿರುತ್ತದೆ, ಆಮೇಲೆ ಹಳೆಯದನ್ನು ಯಾರೂ ಮುಟ್ಟುವುದಿಲ್ಲ. ಏನೇ ಇದ್ದರೂ ಮುಂದಿನ ಪಟ್ಟಿಯಲ್ಲಿ ಕೂಡುವುದು, ಕಳೆಯುವುದು. ವಾಹನ ಬಂದಾಗ ಬೇಕಾದದ್ದು ಆ ಹೊತ್ತಿನ ಒಟ್ಟು ಮಾತ್ರ, ಹಿಂದಿನ ವರ್ಷದ್ದು ಯಾರಿಗೂ ಬೇಕಿಲ್ಲ.

ಸರಸ್ವತಿಪುರಂ ಡಿಬಿಎ

ಈ ವಿವರಕ್ಕೆ ಬಹಳ ಧನ್ಯವಾದ ಸರ್. ಅರ್ಧ ಉತ್ತರ ಇದರಲ್ಲೇ ಇದೆ.

ಬಟವಾಡೆ ಮುಗಿದ ಅವಧಿಯ ಸಾಲುಗಳು ಬದಲಾಗುವುದಿಲ್ಲ ಎಂದಾದರೆ, ಅವನ್ನು ಐದು ನಿಮಿಷಕ್ಕೊಮ್ಮೆ ಮತ್ತೆ ಮತ್ತೆ ಕೂಡುವುದೇಕೆ? ವ್ಯೂನಲ್ಲಿ ಮುಗಿದ ಅವಧಿ ಮಾತ್ರ ಇರಲಿ, ಅದನ್ನು ಬಟವಾಡೆ ಮುಗಿದಾಗ ಒಮ್ಮೆ ರಿಫ್ರೆಶ್ ಮಾಡಿ. ನಡೆಯುತ್ತಿರುವ ಅವಧಿಯನ್ನು ಮೂಲ ಟೇಬಲ್‌ನಿಂದಲೇ ನೇರವಾಗಿ ಕೂಡಿ. ಒಂದು ಸಂಘಕ್ಕೆ 150 ಸದಸ್ಯರು, ದಿನಕ್ಕೆ ಎರಡು ಹೊತ್ತು ಎಂದರೆ 300 ಸಾಲು. 15 ದಿನಕ್ಕೆ 4,500. `(society_id, day)` ಮೇಲೆ ಇಂಡೆಕ್ಸ್ ಇದ್ದರೆ ಇಷ್ಟನ್ನು ಕೂಡುವುದು ಮಿಲಿಸೆಕೆಂಡುಗಳ ಮಾತು. ವಾಹನ ನಿಂತಾಗ ಕಾಣಬೇಕಾದ ಅಂಕಿಗೆ ಆಗ ಕ್ಯಾಶ್ ಬೇಡ, ಟ್ರಿಗರ್ ಬೇಡ, ಕ್ರಾನ್ ಸಹ ಬೇಡ. ಎರಡನ್ನೂ `UNION ALL` ಮಾಡಿ ಒಂದು ಸಾಮಾನ್ಯ ವ್ಯೂ ಕಟ್ಟಿದರೆ ಪರದೆಯ ಕೋಡ್ ಬದಲಾಗುವುದಿಲ್ಲ.

ಇಲ್ಲಿ ಎಡವುವ ಜಾಗ ಗಡಿಯ ದಿನಾಂಕ. ನೇರ ಕೂಡುವ ಭಾಗದಲ್ಲಿ `day > CURRENT_DATE - 15` ಎಂದು ಬರೆದು, ವ್ಯೂ ರಿಫ್ರೆಶ್ ಅನ್ನು ರಾತ್ರಿ 12:30ಕ್ಕೆ ಇಟ್ಟಿದ್ದೀರಿ ಎಂದುಕೊಳ್ಳಿ. ಹನ್ನೆರಡು ಹೊಡೆದ ಕೂಡಲೇ ಒಂದು ದಿನ ನೇರ ಭಾಗದಿಂದ ಹೊರಬೀಳುತ್ತದೆ, ಆದರೆ ವ್ಯೂಗೆ ಇನ್ನೂ ಸೇರಿರುವುದಿಲ್ಲ. ಆ ಅರ್ಧ ಗಂಟೆ ಆ ದಿನದ ಹಾಲು ಎರಡೂ ಕಡೆ ಇಲ್ಲ. ಟೇಬಲ್‌ನಲ್ಲಿ ಏನೂ ಬದಲಾಗಿಲ್ಲವಾದ್ದರಿಂದ ಯಾವ ಟ್ರಿಗರ್ ಕೂಡ ಇದನ್ನು ಹಿಡಿಯದು. ಕಾಲ ಸರಿಯುವುದು ಡೇಟಾಬೇಸ್‌ಗೆ ಒಂದು ಘಟನೆಯೇ ಅಲ್ಲ. ಆದ್ದರಿಂದ ಗಡಿಯನ್ನು ಗಡಿಯಾರದಿಂದ ಓದದೆ ಒಂದು ಪುಟ್ಟ ಟೇಬಲ್‌ನಲ್ಲಿ ಇಡಿ, ಎರಡೂ ಭಾಗಗಳು ಅದನ್ನೇ ಓದಲಿ, ಮತ್ತು ಗಡಿ ಸರಿಸುವುದೂ ರಿಫ್ರೆಶ್ ಮಾಡುವುದೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ನಡೆಯಲಿ.

```sql
BEGIN;
UPDATE closed_upto SET day = DATE '2025-06-15';
REFRESH MATERIALIZED VIEW CONCURRENTLY society_daily;
COMMIT;
```

ಕಮಿಟ್ ಆಗುವವರೆಗೆ ಓದುವವರಿಗೆ ಹಳೆಯ ಗಡಿ, ಹಳೆಯ ವ್ಯೂ. ಆದ ಮೇಲೆ ಎರಡೂ ಹೊಸವು. `CONCURRENTLY` ಬಳಸಲು ವ್ಯೂ ಮೇಲೆ `WHERE` ಇಲ್ಲದ ಯುನಿಕ್ ಇಂಡೆಕ್ಸ್ ಇರಲೇಬೇಕು. ನಿಮ್ಮಲ್ಲಿ ಅದು `(society_id, day)` ಆಗಬಹುದು.

ಮದ್ದೂರು ಬಯಲು

ಮೇಡಂ, ವ್ಯೂ ವಿಚಾರ ಪೂರ್ತಿ ಸ್ಪಷ್ಟವಾಯಿತು. ಬಟವಾಡೆ ಮುಗಿಸುವ ದಿನ ಎಲ್ಲ ಸಂಘಗಳಿಗೂ ಒಂದೇ ಆಗಿರುವುದಿಲ್ಲ, ಆದ್ದರಿಂದ `closed_upto` ಟೇಬಲ್‌ನಲ್ಲಿ ಸಂಘಕ್ಕೊಂದು ಸಾಲು ಇಡುತ್ತೇನೆ. ಇನ್ನು ಪಾಸ್‌ಬುಕ್. ಅಲ್ಲಿಯೂ ಕ್ಯಾಶ್ ಬೇಡವೇ ಎಂದು ನೀವು ಕೇಳಬಹುದು. ಸಾಮಾನ್ಯ ದಿನಗಳಲ್ಲಿ ಬೇಡವೇ ಸರಿ, ಆದರೆ ಬಟವಾಡೆಯ ದಿನ ಬಹುತೇಕ ಎಲ್ಲ ಸದಸ್ಯರೂ ಒಂದೇ ಹೊತ್ತಿಗೆ ತೆರೆಯುತ್ತಾರೆ, ಮತ್ತೆ ಮತ್ತೆ ತೆರೆಯುತ್ತಾರೆ. ಆ ದಿನಕ್ಕಾಗಿ ಕ್ಯಾಶ್ ಉಳಿಸಿಕೊಳ್ಳಲೇಬೇಕಾಗಿದೆ.

ಕುವೆಂಪುನಗರ ಬ್ಯಾಕೆಂಡ್

ವ್ಯೂ ಕುರಿತು ನನ್ನ ಸಲಹೆ ಹಿಂದಕ್ಕೆ ಪಡೆಯುತ್ತೇನೆ. ಪಾಸ್‌ಬುಕ್‌ಗಾದರೂ ಘಟನೆಯೇ ಸರಿಯಾದ ದಾರಿ. `NOTIFY` ಸಂದೇಶ ಕಮಿಟ್ ಆದ ಮೇಲೆ ಮಾತ್ರ ಹೊರಬೀಳುತ್ತದೆ, ಟ್ರಾನ್ಸಾಕ್ಷನ್ ರದ್ದಾದರೆ ಸಂದೇಶವೂ ಇಲ್ಲ. ಕೇಳಿಸಿಕೊಳ್ಳುವ ಒಂದು ಪ್ರಕ್ರಿಯೆ ಆ ಸದಸ್ಯರ ಕೀಯನ್ನು ರೆಡಿಸ್‌ನಿಂದ ಅಳಿಸಿದರೆ ಆಯಿತು.

```sql
CREATE FUNCTION passbook_changed() RETURNS trigger
LANGUAGE plpgsql AS $$
BEGIN
  PERFORM pg_notify('passbook',
    NEW.society_id || ':' || NEW.member_id);
  RETURN NULL;
END $$;
```

ಇನ್‌ಸರ್ಟ್, ಅಪ್‌ಡೇಟ್, ಡಿಲೀಟ್ ಮೂರಕ್ಕೂ `AFTER ... FOR EACH ROW` ಎಂದು ಇದನ್ನು ಕಟ್ಟಿ.

ಸರಸ್ವತಿಪುರಂ ಡಿಬಿಎ

ದಾರಿ ಸರಿಯಿದೆ, ಕೋಡ್ ಸರಿಯಿಲ್ಲ. ಪಾಂಡವಪುರದವರು ಹೇಳಿದ ತಿದ್ದುಪಡಿಯನ್ನು ಇದರಲ್ಲಿ ನಡೆಸಿ ನೋಡಿ. ಸಾಲಿನಲ್ಲಿ `member_id` 74 ಇದೆ, ಕಾರ್ಯದರ್ಶಿ ಅದನ್ನು 47 ಮಾಡುತ್ತಾರೆ. `NEW` ನಲ್ಲಿರುವುದು 47. ಹಾಗಾಗಿ 47ನೆಯವರ ಪಾಸ್‌ಬುಕ್ ಹೊಸದಾಗುತ್ತದೆ, ಹಾಲು ಸರಿಯಾಗಿ ಕಾಣುತ್ತದೆ. ಆದರೆ 74ನೆಯವರ ಕೀಯನ್ನು ಯಾರೂ ಅಳಿಸುವುದಿಲ್ಲ. ನೀವು ಕಾಲಮಿತಿಯೂ ಬೇಡ ಎಂದಿದ್ದಿರಿ, ಆದ್ದರಿಂದ ಅವರ ಪರದೆಯಲ್ಲಿ ತಮ್ಮದಲ್ಲದ ಹಾಲು ಅವರದೇ ಮುಂದಿನ ನಮೂದಿನವರೆಗೆ ಉಳಿಯುತ್ತದೆ. ಹಸು ಬತ್ತಿದ ಮನೆಯವರಾದರೆ ಬಟವಾಡೆಯ ದಿನದವರೆಗೂ ಉಳಿಯಬಹುದು, ಜಗಳ ಆಗುವುದು ಆಗಲೇ. ಡಿಲೀಟ್‌ನಲ್ಲಂತೂ `NEW` ಖಾಲಿಯಿರುವುದರಿಂದ ಯಾವ ಕೀಯೂ ಅಳಿಯದು. ಇನ್‌ಸರ್ಟ್ ಅಲ್ಲದ ಪ್ರತಿ ಸಲವೂ `OLD` ನಿಂದ, ಡಿಲೀಟ್ ಅಲ್ಲದ ಪ್ರತಿ ಸಲವೂ `NEW` ನಿಂದ, ಹೀಗೆ ಎರಡು ಸಂದೇಶ ಕಳುಹಿಸಿ.

ಇದನ್ನು ಸರಿಪಡಿಸಿದ ಮೇಲೂ ಕಾಲಮಿತಿ ತೆಗೆಯಬೇಡಿ ಎನ್ನುತ್ತೇನೆ, ಕಾರಣ ಈ ಕ್ರಮವನ್ನು ನೋಡಿ. ಸದಸ್ಯರೊಬ್ಬರು ಪುಟ ತೆರೆಯುತ್ತಾರೆ, ರೆಡಿಸ್‌ನಲ್ಲಿ ಕೀ ಇಲ್ಲ, ಆದ್ದರಿಂದ ಆಪ್ ಸರ್ವರ್ ಡೇಟಾಬೇಸ್‌ನಿಂದ ಅಂಕಿಗಳನ್ನು ಓದಿಕೊಳ್ಳುತ್ತದೆ. ಅದು ಪುಟ ಕಟ್ಟುತ್ತಿರುವಷ್ಟರಲ್ಲಿ ಕಾರ್ಯದರ್ಶಿಯ ತಿದ್ದುಪಡಿ ಕಮಿಟ್ ಆಗಿ, ಸಂದೇಶ ಹೊರಟು, ಕೀ ಅಳಿಸುವ ಆದೇಶವೂ ನಡೆದುಹೋಗುತ್ತದೆ. ಆಗ ಅಳಿಸಲು ಅಲ್ಲಿ ಏನೂ ಇರುವುದಿಲ್ಲ. ಅದಾದ ಮೇಲೆ ಆಪ್ ಸರ್ವರ್ ತನ್ನ ಕೈಯಲ್ಲಿರುವ ಹಳೆಯ ಅಂಕಿಯನ್ನು ರೆಡಿಸ್‌ಗೆ ಬರೆಯುತ್ತದೆ. ಈಗ ಕ್ಯಾಶ್‌ನಲ್ಲಿ ತಪ್ಪು ಅಂಕಿ ಇದೆ, ಅದನ್ನು ಅಳಿಸಬೇಕಾದ ಸಂದೇಶ ಆಗಲೇ ಬಂದು ಹೋಗಿದೆ. ಓದುವುದು ರೆಪ್ಲಿಕಾದಿಂದಾದರೆ ಈ ಕಿಂಡಿ ಇನ್ನೂ ಅಗಲ, ಏಕೆಂದರೆ ಕೀ ಅಳಿದ ಮೇಲೆ ಓದಿದರೂ ರೆಪ್ಲಿಕಾ ಇನ್ನೂ ಹಿಂದುಳಿದಿರಬಹುದು. ಹತ್ತು ನಿಮಿಷದ ಕಾಲಮಿತಿ ಇದ್ದರೆ ಇಂಥ ತಪ್ಪಿನ ಆಯುಷ್ಯ ಹತ್ತು ನಿಮಿಷಕ್ಕೆ ಮುಗಿಯುತ್ತದೆ.

ಕುವೆಂಪುನಗರ ಬ್ಯಾಕೆಂಡ್

`OLD` ವಿಷಯ ಒಪ್ಪಿದೆ. ಎರಡನೆಯದು ಕಾಗದದ ಮೇಲೆ ಸರಿ, ಆದರೆ ಇಷ್ಟು ಸಣ್ಣ ವ್ಯವಸ್ಥೆಯಲ್ಲಿ ಆ ಮಿಲಿಸೆಕೆಂಡಿನ ಕಿಂಡಿಗೆ ಯಾರು ಬೀಳುತ್ತಾರೆ?

ಸರಸ್ವತಿಪುರಂ ಡಿಬಿಎ

ಬೀಳುವುದು ಅಪರೂಪ ಎಂಬುದು ನಿಜ. ಅದಕ್ಕಿಂತ ಸಾಮಾನ್ಯವಾದುದು ಕೇಳಿಸಿಕೊಳ್ಳುವ ಪ್ರಕ್ರಿಯೆ ನಿಂತುಹೋಗುವುದು. ಸಂಪರ್ಕ ಕಡಿದಿದ್ದ ಹೊತ್ತಿನಲ್ಲಿ ಹೋದ `NOTIFY` ಸಂದೇಶಗಳನ್ನು ಪೋಸ್ಟ್‌ಗ್ರೆಸ್ ಅದಕ್ಕಾಗಿ ಎತ್ತಿಡುವುದಿಲ್ಲ. ಮತ್ತೆ `LISTEN` ಮಾಡಿದ ಮೇಲಿನದು ಮಾತ್ರ ಸಿಗುತ್ತದೆ. ಹೊಸ ಆವೃತ್ತಿ ಹಾಕಲು ಎರಡು ನಿಮಿಷ ನಿಲ್ಲಿಸಿದರೂ ಆ ಎರಡು ನಿಮಿಷದ ತಿದ್ದುಪಡಿಗಳು ಕಳೆದುಹೋದಂತೆ. ಮರುಸಂಪರ್ಕವಾದಾಗಲೆಲ್ಲ ಪಾಸ್‌ಬುಕ್ ಕೀಗಳನ್ನೆಲ್ಲ ಒಮ್ಮೆ ಅಳಿಸಿಬಿಡುವುದು ಒರಟಾದರೂ ನಂಬಬಹುದಾದ ಉಪಾಯ.

ಮದ್ದೂರು ಬಯಲು

ಇಲ್ಲಿ ನಮ್ಮದೊಂದು ವಿಷಯ ಹೇಳಬೇಕು. ಸಂಪರ್ಕಗಳೆಲ್ಲ ಪಿಜಿಬೌನ್ಸರ್ ಮೂಲಕ ಹೋಗುತ್ತವೆ, ಅದು ಟ್ರಾನ್ಸಾಕ್ಷನ್ ಪೂಲಿಂಗ್‌ನಲ್ಲಿದೆ. ನಿನ್ನೆ ಪ್ರಯೋಗಕ್ಕೆಂದು `LISTEN` ಕೊಟ್ಟಾಗ ದೋಷ ಏನೂ ಬರಲಿಲ್ಲ, ಸಂದೇಶವೂ ಬರಲಿಲ್ಲ.

ಸರಸ್ವತಿಪುರಂ ಡಿಬಿಎ

ಬರುವುದಿಲ್ಲ. `LISTEN` ಒಂದು ಸೆಷನ್‌ಗೆ ಅಂಟಿಕೊಂಡಿರುತ್ತದೆ. ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಪಿಜಿಬೌನ್ಸರ್ ಆ ಸಂಪರ್ಕವನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ. ಕೇಳಿಸಿಕೊಳ್ಳುವ ಪ್ರಕ್ರಿಯೆಗೆ ಮಾತ್ರ ನೇರವಾಗಿ 5432ಕ್ಕೆ ಒಂದು ಸಂಪರ್ಕ ಕೊಡಿ. ಸಂದೇಶ ಕಳುಹಿಸುವ ಕಡೆಗೆ ಈ ತೊಡಕಿಲ್ಲ.

ಕುವೆಂಪುನಗರ ಬ್ಯಾಕೆಂಡ್

ಸಂದೇಶ ಕಳೆದುಹೋಗುವ ಭಯ ಅಷ್ಟಿದ್ದರೆ `NOTIFY` ಏಕೆ ಬೇಕು? ಟ್ರಿಗರ್ ಒಂದು ಔಟ್‌ಬಾಕ್ಸ್ ಟೇಬಲ್‌ಗೆ ಸಾಲು ಬರೆಯಲಿ, ಒಂದು ಪ್ರಕ್ರಿಯೆ ಎರಡು ಸೆಕೆಂಡಿಗೊಮ್ಮೆ ಅದನ್ನು ಓದಿ, ಕೀ ಅಳಿಸಿ, ಆಮೇಲೆ ಆ ಸಾಲನ್ನು ತೆಗೆಯಲಿ. ಪ್ರಕ್ರಿಯೆ ಒಂದು ಗಂಟೆ ನಿಂತರೂ ಸಾಲುಗಳು ಅಲ್ಲೇ ಕಾದಿರುತ್ತವೆ. ಪಿಜಿಬೌನ್ಸರ್ ಗೋಳೂ ಇಲ್ಲ.

ಸರಸ್ವತಿಪುರಂ ಡಿಬಿಎ

ಒಳ್ಳೆಯ ಸಲಹೆ, ನಾನಾದರೂ ಒಪ್ಪಬಹುದು. ಆದರೆ ಎರಡು ಸೆಕೆಂಡಿಗೊಮ್ಮೆ ಓದುವುದು ಎಂದರೆ ನೀವು ಬೇಡವೆಂದ ಗಡಿಯಾರವೇ ಹಿಂಬಾಗಿಲಿನಿಂದ ಬಂದಂತಾಯಿತು ಎಂಬುದನ್ನು ಗಮನಿಸಿ. ಜೊತೆಗೆ ಪ್ರತಿ ಹಾಲಿನ ನಮೂದಿಗೂ ಇನ್ನೊಂದು ಬರಹ, ಇನ್ನೊಂದು ಅಳಿಸುವಿಕೆ. ಆ ಟೇಬಲ್‌ನಲ್ಲಿ ಸತ್ತ ಸಾಲುಗಳು ಬೇಗ ತುಂಬುತ್ತವೆ, ಆಟೋವ್ಯಾಕ್ಯೂಮ್ ಅದಕ್ಕೆ ಪ್ರತ್ಯೇಕವಾಗಿ ಬಿಗಿ ಮಾಡಬೇಕಾಗುತ್ತದೆ. ಕಳೆದುಹೋದರೆ ಹತ್ತು ನಿಮಿಷ ಹಳೆಯದು ಕಾಣುವ ಪಾಸ್‌ಬುಕ್‌ಗೆ ಇಷ್ಟು ಬೇಕೇ ಎಂಬುದು ನನ್ನ ಅನುಮಾನ. ಬ್ಯಾಂಕಿಗೆ ಹೋಗುವ ಹಣದ ಆದೇಶವಾಗಿದ್ದರೆ ಎರಡನೆಯ ಮಾತಿಲ್ಲದೆ ಔಟ್‌ಬಾಕ್ಸ್ ಎನ್ನುತ್ತಿದ್ದೆ.

ಪಾಂಡವಪುರ

ಒಂದು ಸಂದೇಹ. ಅವಧಿಯ ನಡುವೆ ದರಪಟ್ಟಿ ಬದಲಾಗಿ, ಹಿಂದಿನ ದಿನಾಂಕದಿಂದಲೇ ಜಾರಿ ಎಂದು ಆದೇಶ ಬರುವುದುಂಟು. ಆಗ ಎಲ್ಲ ಸದಸ್ಯರ ಮೊತ್ತವೂ ಬದಲಾಗಬೇಕು. ಅದು ನಿಮ್ಮ ಈ ಏರ್ಪಾಡಿನಲ್ಲಿ ಏನಾಗುತ್ತದೆ?

ಮದ್ದೂರು ಬಯಲು

ನಮ್ಮಲ್ಲಿ ಮೊತ್ತವನ್ನು ಸಾಲಿನಲ್ಲೇ ಬರೆದಿಡುತ್ತೇವೆ. ದರ ಬದಲಾದರೆ ಆ ಅವಧಿಯ ಎಲ್ಲ ಸಾಲುಗಳನ್ನೂ ಒಂದೇ `UPDATE` ನಲ್ಲಿ ತಿದ್ದುವ ಸ್ಕ್ರಿಪ್ಟ್ ಇದೆ. 60 ಸಂಘ, 150 ಸದಸ್ಯರು, 15 ದಿನ, ಎರಡು ಹೊತ್ತು. ಹೆಚ್ಚೆಂದರೆ 2,70,000 ಸಾಲು.

ಸರಸ್ವತಿಪುರಂ ಡಿಬಿಎ

ಮೊತ್ತ ಸಾಲಿನಲ್ಲೇ ಇರುವುದು ಒಳ್ಳೆಯದಾಯಿತು. ದರಪಟ್ಟಿಯ ಟೇಬಲ್‌ನಿಂದ ಓದುವಾಗ ಲೆಕ್ಕ ಹಾಕುತ್ತಿದ್ದರೆ, ದರ ಬದಲಾದಾಗ `collection` ಮೇಲಿನ ಟ್ರಿಗರ್‌ಗೆ ಗೊತ್ತೇ ಆಗುತ್ತಿರಲಿಲ್ಲ.

ಈಗ ಟ್ರಿಗರ್ 2,70,000 ಸಲ ನಡೆಯುತ್ತದೆ. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಒಂದೇ ಚಾನೆಲ್‌ಗೆ ಬಂದ ಒಂದೇ ಬಗೆಯ ಸಂದೇಶಗಳನ್ನು ಪೋಸ್ಟ್‌ಗ್ರೆಸ್ ಒಂದಾಗಿಸುವುದರಿಂದ ಹೊರಬೀಳುವುದು 9,000 ಸಂದೇಶ ಮಾತ್ರ, ಸದಸ್ಯರಿಗೊಂದು. ಅದನ್ನು ತಾಳಿಕೊಳ್ಳಬಹುದು. ತಾಳಿಕೊಳ್ಳಲಾಗದ್ದು ಅದರ ಮರುಕ್ಷಣ: 9,000 ಕೀಗಳೂ ಇಲ್ಲ, ಹೊಸ ದರದ ಸುದ್ದಿ ಕೇಳಿ ಎಲ್ಲರೂ ಪುಟ ತೆರೆಯುತ್ತಾರೆ. ಪುಟ ಕಟ್ಟುವ ಮೊದಲು ಆಪ್ ಸರ್ವರ್ ರೆಡಿಸ್‌ನಲ್ಲಿ `SET lock:12:47 1 NX EX 5` ಎಂದು ಸದಸ್ಯರಿಗೊಂದು ಬೀಗ ಹಿಡಿಯಲಿ. ಒಬ್ಬರೇ ನಾಲ್ಕು ಸಲ ಒತ್ತಿದರೂ ಡೇಟಾಬೇಸ್‌ಗೆ ಹೋಗುವುದು ಒಂದೇ ಕ್ವೆರಿ. ದರ ತಿದ್ದುವ ಸ್ಕ್ರಿಪ್ಟ್ ಅನ್ನು ಸಂಘಕ್ಕೊಂದು ಟ್ರಾನ್ಸಾಕ್ಷನ್‌ನಂತೆ ಬಿಡಿಸಿ, ನಡುವೆ ಕೆಲ ಸೆಕೆಂಡು ಬಿಟ್ಟು ಓಡಿಸಿದರೆ ನೂಕುನುಗ್ಗಲು ಇನ್ನಷ್ಟು ಹರಡಿಕೊಳ್ಳುತ್ತದೆ. ಆ ಸ್ಕ್ರಿಪ್ಟ್ ವೇಗಕ್ಕೆಂದು `session_replication_role` ಅನ್ನು `replica` ಮಾಡಿಕೊಳ್ಳುತ್ತದೆಯೇ ನೋಡಿ. ಮಾಡಿದರೆ ಟ್ರಿಗರ್‌ಗಳು ಸದ್ದಿಲ್ಲದೆ ನಿಂತುಬಿಡುತ್ತವೆ.

ಮದ್ದೂರು ಬಯಲು

ನೋಡಿದೆ, ಮಾಡುತ್ತದೆ. ಹಿಂದೆ ಕೆಲಸ ಮಾಡಿದವರು ಬಿಟ್ಟುಹೋದ ಸಾಲು ಅದು, ತೆಗೆಯುತ್ತೇನೆ.

ಕಾಲಮಿತಿ ಹತ್ತು ನಿಮಿಷ, ಜೊತೆಗೆ `OLD` ಮತ್ತು `NEW` ಎರಡರಿಂದಲೂ `NOTIFY`, ಕೇಳುವುದಕ್ಕೆ ನೇರ ಸಂಪರ್ಕ ಎಂದು ಆರಂಭಿಸುತ್ತೇನೆ. ಔಟ್‌ಬಾಕ್ಸ್ ಸದ್ಯಕ್ಕೆ ಬೇಡ. ಇದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ದೂರು ಬರುವ ಮೊದಲೇ ತಿಳಿಯುವುದು ಹೇಗೆ?

ಸರಸ್ವತಿಪುರಂ ಡಿಬಿಎ

ಕೆಲ ನಿಮಿಷಕ್ಕೊಮ್ಮೆ ಐವತ್ತು ಸದಸ್ಯರನ್ನು ಯಾದೃಚ್ಛಿಕವಾಗಿ ಆರಿಸಿ, ರೆಡಿಸ್‌ನಲ್ಲಿರುವ ಮೊತ್ತವನ್ನೂ ಡೇಟಾಬೇಸ್‌ನ ಮೊತ್ತವನ್ನೂ ಹೋಲಿಸಿ. ವ್ಯತ್ಯಾಸ ಕಂಡ ಸದಸ್ಯರನ್ನು ಐದು ಸೆಕೆಂಡು ಬಿಟ್ಟು ಇನ್ನೊಮ್ಮೆ ಹೋಲಿಸಿ, ಆಗಲೂ ವ್ಯತ್ಯಾಸವಿದ್ದರೆ ಮಾತ್ರ ಎಣಿಸಿ. ಮೊದಲನೆಯದು ದಾರಿಯಲ್ಲಿರುವ ಸಂದೇಶವೂ ಆಗಿರಬಹುದು. ಕಾಲಮಿತಿ ಮುಗಿದು ತಾನಾಗಿ ಸರಿಯಾಗುವುದರಿಂದ ಈ ತಪ್ಪುಗಳು ನಿಮ್ಮ ಕಣ್ಣಿಗೆ ಬೇರೆ ಹೇಗೂ ಬೀಳುವುದಿಲ್ಲ. ಎಣಿಕೆ ಬಹುಪಾಲು ಸೊನ್ನೆಯಾಗಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಏರಿದರೆ ಮೊದಲು ನೋಡಬೇಕಾದದ್ದು ಕೇಳಿಸಿಕೊಳ್ಳುವ ಪ್ರಕ್ರಿಯೆ ಬದುಕಿದೆಯೇ ಎಂದು.

ಕುವೆಂಪುನಗರ ಬ್ಯಾಕೆಂಡ್

ಆ ಎಣಿಕೆ ಬಂದ ಮೇಲೆ ಇಲ್ಲಿ ಹಾಕಿ. ಔಟ್‌ಬಾಕ್ಸ್ ಬೇಕಿತ್ತೇ ಬೇಡವೇ ಎಂಬ ವಾದವನ್ನು ಅದರ ಮೇಲೆ ಮುಂದುವರಿಸೋಣ. ನಾನು ಇನ್ನೂ ಒಪ್ಪಿಲ್ಲ.